ಒಡೆದ ಹಾಲು, ಕೆಟ್ಟ ಹಾಲು

ಆಯುಧಪೂಜೆಯ ದಿನ ಮಧ್ಯಾಹ್ನದ ಹೊತ್ತಿಗೆ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಹತ್ತು ಕಡಿ ಕಾಯಿ ಸಾಲಾಗಿ ಕುಳಿತಿದ್ದವು. ಘಟ್ಟದ ಮೇಲಿನವರು ಹೋಳು ಎನ್ನುವುದನ್ನು ನಮ್ಮ ಪುತ್ತೂರಿನ ಕಡೆ ಕಡಿ ಎನ್ನುತ್ತೇವೆ. ಮನೆಯ ದೇವರಿಗೆ ಒಂದು, ಕಾರಿಗೊಂದು, ಸ್ಕೂಟರಿಗೊಂದು, ಬೀದಿ ಕೊನೆಯ ಗುಡಿಯಲ್ಲಿ ಮಾಡಿಸಿದ ಹಣ್ಣುಕಾಯಿಯದು ಎರಡು. ಒಡೆಯದ ಕಾಯಿಯಾದರೆ ಚಿಂತೆಯಿಲ್ಲ, ಮೂಲೆಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಒಡೆದ ಕಾಯಿಗೆ ಆ ತಾಳ್ಮೆ ಇಲ್ಲ. ಹೊರಗಿಟ್ಟರೆ ಮರುದಿನವೇ ಮೇಲ್ಮೈ ಜಾರತೊಡಗುತ್ತದೆ, ಫ್ರಿಜ್ಜಿನಲ್ಲಿಟ್ಟರೂ ಮೂರು ನಾಲ್ಕು ದಿನಕ್ಕೆ ಲೋಳೆ ಹಿಡಿಯುತ್ತದೆ. ನಾವು ಮನೆಯಲ್ಲಿರುವುದು ನಾಲ್ಕೇ ಮಂದಿ. ಎಷ್ಟು ಚಟ್ನಿ ಅರೆದರೂ ಐದು ಕಾಯಿ ಮುಗಿಯುವುದಿಲ್ಲ.

ಹಾಲು ತೆಗೆದು ಫ್ರೀಜರಿನಲ್ಲಿ ಇಡುವ ಯೋಚನೆ ನನಗೆ ಹೊಸದಲ್ಲ. ಎರಡು ವರ್ಷದ ಹಿಂದೆ ಹಾಗೆಯೇ ಮಾಡಿ, ಕೈ ಸುಟ್ಟುಕೊಂಡಿದ್ದೆ. ಆಗ ದಪ್ಪ ಹಾಲನ್ನೂ ತೆಳು ಹಾಲನ್ನೂ ಒಟ್ಟಿಗೆ ಸೇರಿಸಿ, ಒಂದು ದೊಡ್ಡ ಡಬ್ಬಿ ತುಂಬಿಸಿ ಫ್ರೀಜರಿನಲ್ಲಿಟ್ಟೆ. ತಿಂಗಳ ನಂತರ ಪಾಯಸಕ್ಕೆಂದು ಹೊರತೆಗೆದು ಕರಗಿಸಿದಾಗ ಡಬ್ಬಿಯಲ್ಲಿ ಹಾಲೇ ಇರಲಿಲ್ಲ. ಅಡಿಯಲ್ಲಿ ಬೂದುಬಣ್ಣದ ನೀರು, ಮೇಲೆ ರವೆಯ ಹಾಗೆ ಬಿಳಿ ಕಾಳು. ಕೆಟ್ಟೇ ಹೋಯಿತೆಂದು ಅಷ್ಟನ್ನೂ ಚೆಲ್ಲಿದೆ. ಸಂಜೆ ಫೋನಿನಲ್ಲಿ ಅತ್ತೆಗೆ ಹೇಳಿಕೊಂಡೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕಾಳು ಬೆರಳಲ್ಲಿ ತಿಕ್ಕಿ ನೋಡಿದೆಯಾ?" ಎಂದು ಕೇಳಿದರು. ಇಲ್ಲ ಎಂದೆ. "ಒಡೆದದ್ದೆಲ್ಲ ಕೆಟ್ಟದ್ದಲ್ಲ ಮಾರಾಯ್ತಿ" ಎಂದರು.

ಆ ಮಾತಿನ ಹಿಂದೆ ಇರುವುದನ್ನು ಅರ್ಥಮಾಡಿಕೊಳ್ಳಲು ನನಗೆ ಸುಮಾರು ಕಾಯಿ ಬೇಕಾದವು. ಕಾಯಿಹಾಲೆಂದರೆ ನೀರಿನಲ್ಲಿ ತೇಲುವ ಎಣ್ಣೆಯ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು. ಎಣ್ಣೆ ಮತ್ತು ನೀರು ತಾವಾಗಿ ಕೂಡಿ ಬಾಳುವುದಿಲ್ಲ. ಕಾಯಿಯದೇ ಪ್ರೋಟೀನು ಪ್ರತಿ ಹನಿಯ ಸುತ್ತ ತೆಳ್ಳನೆಯ ಪೊರೆಯಾಗಿ ನಿಂತು ಅವು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಹಾಲು ಬೆಳ್ಳಗೆ ಕಾಣುವುದೂ ಆ ಹನಿಗಳಿಂದಲೇ. ಫ್ರೀಜರಿನಲ್ಲಿ ನೀರು ಮಂಜುಗಡ್ಡೆಯಾಗುತ್ತಾ ಹೋದಂತೆ ಹನಿಗಳಿಗೆ ಜಾಗ ಕಡಿಮೆಯಾಗುತ್ತದೆ. ಅವು ಒಂದರ ಮೇಲೊಂದು ಒತ್ತಿಕೊಳ್ಳುತ್ತವೆ. ಹನಿಯೊಳಗಿನ ಎಣ್ಣೆಯೂ ಗಟ್ಟಿಯಾಗಿ ಅದರ ಹರಳುಗಳು ಪೊರೆಯನ್ನು ಚುಚ್ಚುತ್ತವೆ. ಕರಗಿಸಿದಾಗ ಪೊರೆ ಹರಿದ ಹನಿಗಳು ಒಂದಾಗಿ ಕಾಳುಗಟ್ಟುತ್ತವೆ, ನೀರು ಬೇರೆಯಾಗುತ್ತದೆ. ನಾನು ಅಂದು ಚೆಲ್ಲಿದ ಹಾಲು ಹೀಗೆ ಒಡೆದದ್ದು. ಅದರಲ್ಲಿ ಕೊಳೆತದ್ದು ಏನೂ ಇರಲಿಲ್ಲ.

ಮನೆಯ ಫ್ರೀಜರಿನಲ್ಲಿ ಈ ಒಡಕನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ. ಅಂಗಡಿಯ ಡಬ್ಬಿಯ ಕಾಯಿಹಾಲಿನಲ್ಲಿ ಅದಕ್ಕೆಂದೇ ಅಂಟು ಪದಾರ್ಥ ಬೆರೆಸಿರುತ್ತಾರೆ. ನಮ್ಮ ಕೈಯಲ್ಲಿರುವುದು ಒಡಕನ್ನು ಕಡಿಮೆ ಮಾಡುವುದು, ಆದ ಒಡಕನ್ನು ಬೇಕಾದ ಹೊತ್ತಿಗೆ ಮತ್ತೆ ಕೂಡಿಸುವುದು, ಹಾಲು ನಿಜಕ್ಕೂ ಕೆಡದಂತೆ ನೋಡಿಕೊಳ್ಳುವುದು. ಮೂರಕ್ಕೂ ಬೇರೆ ಬೇರೆ ಉಪಾಯ.

ಕೆಡುವುದರ ಮಾತು ಕಾಯಿ ಒಡೆಯುವಲ್ಲೇ ಶುರುವಾಗುತ್ತದೆ. ಹತ್ತು ಕಡಿಗಳನ್ನೂ ಒಂದೊಂದಾಗಿ ಮೂಸಿದೆ. ಪ್ರತಿಯೊಂದರ ಅಂಚಿನಿಂದ ಉಗುರಿನಷ್ಟು ಚೂರು ಕತ್ತರಿಸಿ ಬಾಯಿಗೆ ಹಾಕಿಕೊಂಡೆ. ಒಂದು ಕಾಯಿಯ ಎರಡೂ ಕಡಿ ಮೊದಲು ಸಿಹಿ ಅನಿಸಿ, ಆಮೇಲೆ ನಾಲಗೆಯ ಮೇಲೆ ಸಾಬೂನಿನ ರುಚಿ ಬಿಟ್ಟವು. ತೆಂಗಿನೆಣ್ಣೆ ಬೇಗ ಕಮಟಾಗುವ ಎಣ್ಣೆಯಲ್ಲ. ಆದರೆ ಬೂಷ್ಟು, ತೇವ ಅಥವಾ ಒಳಗೇ ಶುರುವಾದ ಮೊಳಕೆಯಿಂದ ಅದು ಮುರಿಯತೊಡಗಿದರೆ ಲಾರಿಕ್ ಆಮ್ಲ ಬಿಡುಗಡೆಯಾಗುತ್ತದೆ. ಸಾಬೂನಿನ ರುಚಿ ಆ ಆಮ್ಲದ್ದು. ಒಂದು ಕಾಯಿಯಲ್ಲಿ ಅದು ಸ್ವಲ್ಪವೇ ಇದ್ದರೂ ಉಳಿದ ನಾಲ್ಕು ಕಾಯಿಯ ಹಾಲಿಗೆ ಹರಡುತ್ತದೆ, ಫ್ರೀಜರಿನಲ್ಲಿ ಹೋಗುವುದೂ ಇಲ್ಲ. ಆ ಎರಡು ಕಡಿಗಳನ್ನು ಪಕ್ಕಕ್ಕಿಟ್ಟೆ. ಗುಡಿಯಿಂದ ಬಂದವಕ್ಕೆ ಕುಂಕುಮ, ಅಗರಬತ್ತಿಯ ಬೂದಿ ತಗಲಿತ್ತು. ತೊಳೆದು ಒಣ ಬಟ್ಟೆಯಿಂದ ಒರೆಸಿದೆ. ಉಳಿದದ್ದು ನಾಲ್ಕು ಕಾಯಿ, ಎಂಟು ಕಡಿ.

ಹಾಲಿಗೆ ಚೆನ್ನಾಗಿ ಬಲಿತ ಕಾಯಿಯೇ ಬೇಕು. ಬನ್ನಂಗಾಯಿಯ ತಿರುಳಿನಲ್ಲಿ ನೀರು ಹೆಚ್ಚು, ಎಣ್ಣೆ ಕಡಿಮೆ. ಹಾಲು ಸಿಹಿಯಾಗಿರುತ್ತದೆ, ಆದರೆ ತೆಳು. ಗೋಟುಕಾಯಿಯಲ್ಲಿ ಎಣ್ಣೆ ಧಾರಾಳ, ನೀರಿಲ್ಲ. ಹಾಲು ಹಿಂಡಲು ಒದ್ದಾಡಬೇಕು, ಬಂದದ್ದು ಬೇಗ ಎಣ್ಣೆ ಬಿಡುತ್ತದೆ. ಬಲಿತ ಹಸಿ ಕಾಯಿಯ ತಿರುಳಿನಲ್ಲಿ ಸುಮಾರು ಮೂರನೇ ಒಂದು ಭಾಗ ಎಣ್ಣೆ, ಹತ್ತಿರ ಹತ್ತಿರ ಅರ್ಧದಷ್ಟು ನೀರು. ಹಾಲಿಗೆ ಅದೇ ಹದ.

ಮೆಟ್ಟುಕತ್ತಿಯ ಮೇಲೆ ಕುಳಿತು ಹೆರೆದೆ. ಕರಟದ ಹತ್ತಿರ ಬರುವಾಗ ಕೈ ನಿಧಾನಿಸಬೇಕು. ಕಂದು ಸಿಪ್ಪೆ ತುರಿಯೊಳಗೆ ಬಂದರೆ ಹಾಲು ಮಾಸಲಾಗುತ್ತದೆ, ಸಣ್ಣಗೆ ಒಗರೂ ಸೇರುತ್ತದೆ. ಸಾಂಬಾರಿಗೆ ಅದು ಗೊತ್ತಾಗುವುದಿಲ್ಲ, ಪಾಯಸದಲ್ಲಿ ಗೊತ್ತಾಗುತ್ತದೆ. ನಾಲ್ಕು ಕಾಯಿಗೆ ತುರಿ ಒಂದು ಕಿಲೋಗೆ ಸ್ವಲ್ಪ ಕಡಿಮೆ ಬಂತು.

ಮೊದಲ ಹಾಲಿಗೆ ಎಷ್ಟು ನೀರು ಎಂಬುದರಲ್ಲೇ ಮುಂದಿನ ಎಲ್ಲವೂ ಅಡಗಿದೆ ಎಂದು ಈಗ ನಂಬಿದ್ದೇನೆ. ಹೆಚ್ಚು ನೀರೆಂದರೆ ಹೆಚ್ಚು ಮಂಜುಗಡ್ಡೆ, ಹೆಚ್ಚು ಒಡಕು, ಫ್ರೀಜರಿನಲ್ಲಿ ಹೆಚ್ಚು ಜಾಗ. ಒಂದು ಕಾಯಿಯ ತುರಿಗೆ ಅರ್ಧ ಲೋಟ, ಅಂದರೆ ಸುಮಾರು 120 ಮಿಲಿಲೀಟರ್ ಸಾಕು. ನಾಲ್ಕು ಕಾಯಿಗೆ ಅರ್ಧ ಲೀಟರಿಗಿಂತ ಸ್ವಲ್ಪ ಕಡಿಮೆ. ಆ ನೀರು ಬೆಚ್ಚಗಿರಬೇಕು. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಕರಾವಳಿಯ ಮನೆಯಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ, ಅಲ್ಲಿ ಅಡುಗೆಮನೆಯೇ ಬೆಚ್ಚಗಿರುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ, ಅದೂ ಫ್ರಿಜ್ಜಿನಿಂದ ತೆಗೆದ ಕಾಯಿಯನ್ನು ತಣ್ಣೀರು ಹಾಕಿ ರುಬ್ಬಿದರೆ ಮಿಕ್ಸಿ ಜಾರಿನ ಗೋಡೆಗೆ ಬೆಣ್ಣೆಯ ಹಾಗೆ ಬಿಳಿ ಜಿಡ್ಡು ಮೆತ್ತಿಕೊಳ್ಳುತ್ತದೆ. ಹಾಲಿಗೆ ಬರಬೇಕಾದ ಎಣ್ಣೆ ಅದು. ಹಾಗೆಂದು ಕುದಿಯುವ ನೀರೂ ಸಲ್ಲ. ಸುಮಾರು 80 ಡಿಗ್ರಿ ದಾಟಿದರೆ ಕಾಯಿಯ ಪ್ರೋಟೀನು ಬೇಯತೊಡಗುತ್ತದೆ. ಹನಿಗಳನ್ನು ಬೇರೆ ಬೇರೆಯಾಗಿಡುವ ಪೊರೆಯನ್ನು ನಾವೇ ಬೇಯಿಸಿದಂತಾಗುತ್ತದೆ. ಮುಚ್ಚಿದ ಮಿಕ್ಸಿಯಲ್ಲಿ ಕುದಿನೀರು ಹಾಕಿದರೆ ಆವಿ ಮುಚ್ಚಳವನ್ನು ಎತ್ತಿ ಕೈ ಸುಡಬಹುದು, ಅದು ಬೇರೆ. ಬೆರಳಿಟ್ಟರೆ ಬಿಸಿ ತಾಗಬೇಕು, ಆದರೆ ಒಂದೆರಡು ಕ್ಷಣ ತಡೆದುಕೊಳ್ಳುವಂತಿರಬೇಕು. ನನ್ನ ಅಳತೆ ಅಷ್ಟೇ.

ತುರಿಯನ್ನು ನೀರಿನಲ್ಲಿ ಐದು ನಿಮಿಷ ನೆನೆಯಬಿಟ್ಟು, ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿದೆ. ಒಟ್ಟು ಅರ್ಧ ನಿಮಿಷದಷ್ಟು. ಇಲ್ಲಿ ಚಟ್ನಿಯ ಕೈ ಮರೆಯಬೇಕು. ನುಣ್ಣಗೆ ಅರೆದರೆ ನಾರು ಬಟ್ಟೆಯ ಕಣ್ಣುಗಳಿಂದ ಜಾರಿ ಹಾಲಿಗೆ ಇಳಿಯುತ್ತದೆ. ಫ್ರೀಜರಿನಿಂದ ತೆಗೆದ ಮೇಲೆ ಆ ಹಿಟ್ಟಿನಂಥ ನಾರು ಗಂಟಲಿಗೆ ಸಿಗುತ್ತದೆ, ಯಾವ ಉಪಾಯದಿಂದಲೂ ಹೋಗುವುದಿಲ್ಲ. ಜರಡಿಯಲ್ಲಿ ಸೋಸುವುದಕ್ಕಿಂತ ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ ಹಿಂಡುವುದು ಮೇಲು. ಜರಡಿಯಲ್ಲಿ ಹಾಲು ತಾನಾಗಿ ಇಳಿಯುತ್ತದೆ, ಎಣ್ಣೆ ಹಿಂಡಿಯಲ್ಲೇ ಉಳಿಯುತ್ತದೆ. ಬಟ್ಟೆಯನ್ನು ತಿರುಚಿ ಒತ್ತಿದಾಗ ಕೊನೆಗೆ ಬೆರಳ ಸಂದಿಯಿಂದ ಮಂದವಾಗಿ ಇಳಿಯುವ ನಾಲ್ಕು ಹನಿಗಳಲ್ಲೇ ಹೆಚ್ಚಿನ ಕೊಬ್ಬು ಇರುವುದು. ಬಟ್ಟೆಗೆ ಸೋಪಿನ ಪುಡಿಯ ವಾಸನೆ ಇರಕೂಡದು. ಕಾಯಿಹಾಲು ಯಾವ ವಾಸನೆಯನ್ನೂ ಬೇಗ ಹೀರುತ್ತದೆ. ಹಾಗಾಗಿ ಆ ತುಂಡನ್ನು ನಾನು ಬರೀ ಬಿಸಿನೀರಿನಲ್ಲಿ ಕುದಿಸಿ ಬಿಸಿಲಿಗೆ ಒಣಗಿಸಿ ಇಟ್ಟುಕೊಂಡಿರುತ್ತೇನೆ.

ನಾಲ್ಕು ಕಾಯಿಗೆ ದಪ್ಪ ಹಾಲು ಮುಕ್ಕಾಲು ಲೀಟರಿನಷ್ಟು ಬಂತು. ಸೌಟನ್ನು ಅದ್ದಿ ಎತ್ತಿದರೆ ಹಿಂಬದಿಗೆ ಬಿಳಿ ಪದರ ಅಂಟಿ ನಿಂತಿತು, ಅದರ ಮೇಲೆ ಬೆರಳಿನಿಂದ ಗೆರೆ ಎಳೆದರೆ ಗೆರೆ ಉಳಿಯಿತು. ದಪ್ಪ ಹಾಲನ್ನು ನಾನು ಗುರುತಿಸುವುದು ಹಾಗೆ. ಗೆರೆ ಕೂಡಿಕೊಂಡರೆ ನೀರು ಹೆಚ್ಚಾಯಿತೆಂದೇ ತಿಳಿಯುತ್ತೇನೆ. ಅದೇ ಹಿಂಡಿಗೆ ಒಂದು ಲೀಟರು ಬೆಚ್ಚನೆಯ ನೀರು ಹಾಕಿ ಮತ್ತೆ ಹತ್ತು ನಿಮಿಷ ನೆನೆಸಿ, ರುಬ್ಬಿ, ಹಿಂಡಿದೆ. ತೆಳು ಹಾಲು ಒಂದು ಲೀಟರಿಗಿಂತ ತುಸು ಹೆಚ್ಚು ಬಂತು. ಮೂರನೇ ಹಾಲು ತೆಗೆಯುವವರಿದ್ದಾರೆ. ಇಡಲೆಂದು ತೆಗೆಯುವಾಗ ಅದರಿಂದ ಪ್ರಯೋಜನವಿಲ್ಲ, ಬರೀ ಬಿಳಿ ನೀರನ್ನು ಮಂಜುಗಡ್ಡೆ ಮಾಡಿಟ್ಟಂತೆ. ಹಿಂಡಿಯನ್ನು ಬಾಣಲೆಯಲ್ಲಿ ಹುರಿದು ಚಟ್ನಿಪುಡಿಗೆ ಸೇರಿಸಿದೆ.

ಎರಡು ಹಾಲನ್ನು ಬೆರೆಸದೆ ಬೇರೆ ಬೇರೆಯಾಗಿಡುವುದು ಯಾಕೆಂದು ಒಲೆಯ ಮುಂದೆ ನಿಂತರೆ ಗೊತ್ತಾಗುತ್ತದೆ. ಕಡಲೆಬೇಳೆ ಪಾಯಸದಲ್ಲಿ ಬೇಳೆ ಬೇಯುವುದು ತೆಳು ಹಾಲಿನಲ್ಲಿ. ಅದು ಕುದಿದರೂ ಚಿಂತೆಯಿಲ್ಲ, ಒಡೆಯಲು ಅದರಲ್ಲಿ ಎಣ್ಣೆಯೇ ಕಡಿಮೆ. ಬೆಲ್ಲ ಕರಗಿ, ಬೇಳೆಗೆ ಹಿಡಿದು, ಪಾಯಸ ಹದಕ್ಕೆ ಬಂದ ಮೇಲೆ ಕೊನೆಯಲ್ಲಿ ದಪ್ಪ ಹಾಲು ಹಾಕಿ, ಅಂಚಿನಲ್ಲಿ ಒಂದೆರಡು ಗುಳ್ಳೆ ಕಾಣುವಷ್ಟರಲ್ಲಿ ಒಲೆ ಆರಿಸಬೇಕು. ಎರಡನ್ನೂ ಬೆರೆಸಿ ಇಟ್ಟವರಿಗೆ ಈ ಆಯ್ಕೆಯೇ ಉಳಿಯುವುದಿಲ್ಲ.

ಅಂದು ಸಂಜೆಯ ಪಾಯಸಕ್ಕೆ ಅರ್ಧ ಲೀಟರು ತೆಳು ಹಾಲು, 150 ಮಿಲಿಲೀಟರಿನಷ್ಟು ದಪ್ಪ ಹಾಲು ಹೋಯಿತು. ಉಳಿದದ್ದು ಫ್ರೀಜರಿಗೆ: ದಪ್ಪ ಹಾಲು 600 ಮಿಲಿಲೀಟರು, ತೆಳು ಹಾಲು ಅರ್ಧ ಲೀಟರಿಗೆ ಸ್ವಲ್ಪ ಮೇಲೆ.

ಇಲ್ಲಿ ಒಂದು ವಿಷಯ ನಿರ್ಧರಿಸಬೇಕಿತ್ತು. ಆಗಷ್ಟೇ ಒಡೆದ ಕಾಯಿಯ ಹಾಲನ್ನು ಸ್ವಚ್ಛವಾಗಿ ತೆಗೆದು ಅರ್ಧ ಗಂಟೆಯೊಳಗೆ ಫ್ರೀಜರಿಗೆ ಹಾಕುವುದಾದರೆ ಬಿಸಿಮಾಡುವ ಅಗತ್ಯವಿಲ್ಲ. ಹಸಿ ಹಾಲಿನ ಪರಿಮಳ ಹಾಗೆಯೇ ಉಳಿಯುತ್ತದೆ. ಆದರೆ ನಮ್ಮ ಕಡಿಗಳು ಬೆಳಿಗ್ಗೆಯಿಂದ ಗುಡಿಯಲ್ಲಿ, ಕಾರಿನ ಮೇಲೆ, ಕಟ್ಟೆಯ ಮೇಲೆ ಇದ್ದವು. ಫ್ರೀಜರು ಸೂಕ್ಷ್ಮಜೀವಿಗಳನ್ನು ಕೊಲ್ಲುವುದಿಲ್ಲ, ನಿದ್ದೆಗೆ ಕಳಿಸುತ್ತದೆ ಅಷ್ಟೇ. ಕರಗುತ್ತಿದ್ದಂತೆ ಅವು ಏಳುತ್ತವೆ. ಅದಕ್ಕೇ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಹಾಲನ್ನು ಕೈಬಿಡದೆ ತಿರುವುತ್ತಾ ಬಿಸಿಮಾಡಿದೆ. ಕುದಿಸಲಿಲ್ಲ. ಮೇಲಿನಿಂದ ಚೆನ್ನಾಗಿ ಆವಿ ಏಳಬೇಕು, ಬೆರಳು ಇಡಲು ಆಗಬಾರದು, ಅಂಚಿನಲ್ಲಿ ಗುಳ್ಳೆ ಮಾತ್ರ ಕಾಣಬಾರದು. ಅಡುಗೆಯ ಥರ್ಮಾಮೀಟರು ಇರುವವರಿಗೆ ಇದು 70ರಿಂದ 75 ಡಿಗ್ರಿಯ ನಡುವೆ. ಆ ಬಿಸಿಯಲ್ಲಿ ಹದಿನೈದಿಪ್ಪತ್ತು ನಿಮಿಷ ಹಿಡಿದೆ. ಉರಿ ಏರಿತೆನಿಸಿದಾಗಲೆಲ್ಲ ಪಾತ್ರೆಯನ್ನು ಒಲೆಯಿಂದ ಎತ್ತಿ ಹಿಡಿಯಬೇಕಾಯಿತು. ಹಸಿ ಹಾಲಿನ ನವಿರಾದ ಸಿಹಿ ಸ್ವಲ್ಪ ಹೋಗಿ ಬೆಂದ ಕಾಯಿಯ ಛಾಯೆ ಬರುತ್ತದೆ ಎಂಬುದು ನಿಜ. ಹೊರಗೆ ಹೊತ್ತು ಕಳೆದ ಕಾಯಿಗೆ ಆ ನಷ್ಟವನ್ನು ನಾನು ಒಪ್ಪುತ್ತೇನೆ.

ಬಿಸಿಮಾಡಿದ ಹಾಲನ್ನು ಹಾಗೆಯೇ ಫ್ರೀಜರಿಗೆ ಇಡುವಂತಿಲ್ಲ, ಫ್ರಿಜ್ಜಿನಲ್ಲಿಟ್ಟು ತಣಿಸಿ ಆಮೇಲೆ ಇಡೋಣ ಎಂದರೂ ಸರಿಹೋಗುವುದಿಲ್ಲ. ಕೆಲವು ಗಂಟೆ ಅಲುಗದೆ ನಿಂತರೆ ಕೆನೆ ಮೇಲಕ್ಕೇರಿ ನೀರು ಕೆಳಗಿಳಿಯುತ್ತದೆ. ಆಮೇಲೆ ಟ್ರೇಗೆ ಸುರಿದರೆ ಮೊದಲ ಗುಳಿಗಳಿಗೆ ಕೆನೆ, ಕೊನೆಯವಕ್ಕೆ ನೀರು. ಪಾತ್ರೆಯನ್ನು ಮಂಜುಗಡ್ಡೆ ಹಾಕಿದ ತಣ್ಣೀರಿನ ಬೋಗುಣಿಯಲ್ಲಿಟ್ಟು ಆಗಾಗ ತಿರುವುತ್ತಾ ಹದಿನೈದು ನಿಮಿಷದಲ್ಲಿ ತಣಿಸಿ, ತಣಿದ ಕೂಡಲೇ ಸುರಿದೆ.

ಎರಡು ವರ್ಷದ ಹಿಂದಿನ ನನ್ನ ದೊಡ್ಡ ತಪ್ಪು ಡಬ್ಬಿಯದು. ಒಂದು ಲೀಟರಿನ ಡಬ್ಬಿ ಮನೆಯ ಫ್ರೀಜರಿನಲ್ಲಿ ಹೊರಗಿನಿಂದ ಒಳಕ್ಕೆ ಗಟ್ಟಿಯಾಗಲು ರಾತ್ರಿಯೆಲ್ಲ ಬೇಕು. ಅಷ್ಟು ಹೊತ್ತೂ ಒಳಗಿನ ಹಾಲಿನಲ್ಲಿ ಕೆನೆ ಏರುತ್ತಲೇ ಇರುತ್ತದೆ, ನೀರಿನ ಹರಳುಗಳು ನಿಧಾನವಾಗಿ ದೊಡ್ಡದಾಗಿ ಬೆಳೆಯುತ್ತಿರುತ್ತವೆ. ನಿಧಾನವಾಗಿ ಹೆಪ್ಪುಗಟ್ಟಿದಷ್ಟೂ ಹನಿಗಳ ಪೊರೆಗೆ ಪೆಟ್ಟು ಹೆಚ್ಚು. ಬೇಗ ಗಟ್ಟಿಯಾಗಬೇಕಾದರೆ ಸಣ್ಣದಾಗಿರಬೇಕು, ತೆಳ್ಳಗಿರಬೇಕು. ಐಸ್ ಟ್ರೇಯ ಒಂದು ಗುಳಿಗೆ ಎರಡು ದೊಡ್ಡ ಚಮಚ, ಸುಮಾರು 30 ಮಿಲಿಲೀಟರು ಹಿಡಿಯುತ್ತದೆ. ನೀರು ಗಟ್ಟಿಯಾಗುವಾಗ ಹಿಗ್ಗುವುದರಿಂದ ಅಂಚಿನವರೆಗೆ ತುಂಬಿಸಬಾರದು. 600 ಮಿಲಿಲೀಟರಿಗೆ ಇಪ್ಪತ್ತು ಗುಳಿ. ಟ್ರೇಗಳ ಅಡಿಗೆ ಬೆಳಿಗ್ಗೆಯಿಂದಲೇ ಫ್ರೀಜರಿನಲ್ಲಿಟ್ಟಿದ್ದ ಸ್ಟೀಲ್ ತಟ್ಟೆ ಇಟ್ಟೆ, ಲೋಹ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ತೆಳು ಹಾಲನ್ನು ಒಂದೊಂದು ಲೋಟದಂತೆ ಎರಡು ಜಿಪ್ ಕವರಿಗೆ ಹಾಕಿ, ಗಾಳಿ ಹೊರಗೆ ಒತ್ತಿ, ಪುಸ್ತಕದ ಹಾಗೆ ಚಪ್ಪಟೆಯಾಗಿ ಮಲಗಿಸಿದೆ.

ನಾಲ್ಕೈದು ಗಂಟೆಯ ನಂತರ ಗಟ್ಟಿಯಾದ ತುಂಡುಗಳನ್ನು ಟ್ರೇಯಿಂದ ಬಿಡಿಸಿ ಕವರಿಗೆ ಹಾಕಿದೆ. ತೆರೆದ ಟ್ರೇಯಲ್ಲೇ ಬಿಟ್ಟರೆ ಮೇಲ್ಮೈ ಒಣಗಿ ಸುಣ್ಣದಂತಾಗುತ್ತದೆ, ಪಕ್ಕದಲ್ಲಿ ಮೀನೋ ಹೆಚ್ಚಿದ ಈರುಳ್ಳಿಯೋ ಇದ್ದರೆ ಒಂದೇ ವಾರದಲ್ಲಿ ಹಾಲಿಗೆ ಅದರ ವಾಸನೆ ಬರುತ್ತದೆ. ಕವರಿನ ಮೇಲೆ ದಿನಾಂಕ ಬರೆದೆ, ದಪ್ಪ ಯಾವುದು ತೆಳು ಯಾವುದು ಎಂದೂ ಬರೆದೆ. ಗಟ್ಟಿಯಾದ ಮೇಲೆ ಎರಡೂ ಒಂದೇ ಬಿಳಿ.

ಫ್ರೀಜರು ಸೊನ್ನೆಗಿಂತ 18 ಡಿಗ್ರಿ ಕೆಳಗಿದ್ದರೆ ಎರಡು ತಿಂಗಳವರೆಗೆ ರುಚಿಯಲ್ಲಿ ವ್ಯತ್ಯಾಸ ನನಗೆ ಕಂಡಿಲ್ಲ. ಹಳೆಯ ಒಂಟಿ ಬಾಗಿಲಿನ ಫ್ರಿಜ್ಜಿನ ಮೇಲ್ಗೂಡು ಅಷ್ಟು ತಣ್ಣಗಿರುವುದಿಲ್ಲ. ಅಂಥದರಲ್ಲಿ ಇಟ್ಟರೆ ಎರಡು ಮೂರು ವಾರದೊಳಗೆ ಬಳಸುವುದು ಒಳ್ಳೆಯದು. ಊರಿನ ಮನೆಗಳಲ್ಲಿ ಮಳೆಗಾಲದ ಕರೆಂಟಿನದು ಇನ್ನೊಂದು ತೊಂದರೆ. ತುಂಡುಗಳಾಗಿ ಇಟ್ಟದ್ದರಿಂದ ಇದಕ್ಕೂ ಒಂದು ಗುರುತು ಸಿಗುತ್ತದೆ. ಕವರಿನೊಳಗೆ ತುಂಡುಗಳು ಬಿಡಿಬಿಡಿಯಾಗಿ, ಅಂಚು ಹರಿತವಾಗಿದ್ದರೆ ಏನೂ ಆಗಿಲ್ಲ. ಅಂಚು ಕರಗಿ ಒಂದಕ್ಕೊಂದು ಅಂಟಿ ಒಂದೇ ಗಡ್ಡೆಯಾಗಿದ್ದರೆ ನಾವಿಲ್ಲದ ಹೊತ್ತಿನಲ್ಲಿ ಕರೆಂಟು ಹೋಗಿ, ಹಾಲು ಕರಗಿ, ಮತ್ತೆ ಗಟ್ಟಿಯಾಗಿದೆ. ಎಷ್ಟು ಹೊತ್ತು ಕರಗಿತ್ತೆಂದು ಯಾರೂ ಹೇಳಲಾರರು. ಆ ಗಡ್ಡೆಯನ್ನು ನಾನು ಬಳಸುವುದಿಲ್ಲ.

ಕೆಲವು ದಿನಗಳ ನಂತರ ಅತ್ತೆ ಬೆಂಗಳೂರಿಗೆ ಬಂದರು. ಮರುದಿನ ಬೆಳಿಗ್ಗೆಗೆ ಒತ್ತುಶ್ಯಾವಿಗೆ, ಜೊತೆಗೆ ಬೆಲ್ಲ ಹಾಕಿದ ಕಾಯಿಹಾಲು ಎಂದು ನಿಶ್ಚಯವಾಯಿತು. ಇದು ಕಷ್ಟದ ಪರೀಕ್ಷೆ. ಗಸಿಗಾದರೆ ತುಂಡುಗಳನ್ನು ನೇರವಾಗಿ ಕುದಿ ಇಳಿದ ಪಾತ್ರೆಗೆ ಹಾಕಿ ತಿರುವಿದರೆ ಮುಗಿಯಿತು, ಅರೆದ ಮಸಾಲೆಯೇ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ. ಶ್ಯಾವಿಗೆಯ ಮೇಲೆ ಸುರಿಯುವ ಹಾಲಿಗೆ ಆಸರೆಯಾಗಲು ಬೇರೇನೂ ಇಲ್ಲ.

ರಾತ್ರಿ ಎಂಟು ತುಂಡು, ಅಂದರೆ ಸುಮಾರು ಒಂದು ಲೋಟದಷ್ಟನ್ನು ಪಾತ್ರೆಗೆ ಹಾಕಿ ಮುಚ್ಚಿ ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿಟ್ಟೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಅದೇ ದೃಶ್ಯ: ಅಡಿಯಲ್ಲಿ ನೀರು, ಮೇಲೆ ಕಾಳು. ಎರಡು ವರ್ಷದ ಹಿಂದಿಗಿಂತ ಕಾಳು ಸಣ್ಣದಿತ್ತು, ನೀರು ಕಡಿಮೆಯಿತ್ತು, ಆದರೂ ಒಡೆದದ್ದು ಒಡೆದದ್ದೇ. ಅತ್ತೆ ಒಂದು ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ತಿಕ್ಕಿದರು. ಮೊದಲು ಮೇಣದಂತಿದ್ದದ್ದು ನಾಲ್ಕು ಸುತ್ತಿಗೆ ಎಣ್ಣೆಯಾಗಿ ಬೆರಳಿಗೆ ಹರಡಿತು. ಬೆರಳನ್ನು ಮೂಗಿನ ಹತ್ತಿರ ಹಿಡಿದರು, ನನ್ನ ಮೂಗಿಗೂ ಹಿಡಿದರು. ಹಸಿ ಕಾಯಿಯ ಸಿಹಿ ವಾಸನೆ.

ನಮ್ಮ ಚರ್ಮದ ಬಿಸಿಗೆ ತೆಂಗಿನೆಣ್ಣೆ ಕರಗುತ್ತದೆ. ಹಾಗಾಗಿ ಕರಗಿದ ಕಾಳು ಬರೀ ಎಣ್ಣೆ, ಮತ್ತೆ ಹಾಲಾಗಬಲ್ಲದು. ತಿಕ್ಕಿದರೂ ಕರಗದೆ ಮೊಸರಿನ ಗಂಟಿನ ಹಾಗೆ ಪುಡಿಯಾದರೆ ಅದು ಬೆಂದ ಅಥವಾ ಹುಳಿಯಾದ ಪ್ರೋಟೀನು. ಬಿಸಿ ಹೆಚ್ಚಾಗಿ ಬೆಂದಿದ್ದರೆ ತಿನ್ನಲು ತೊಂದರೆಯಿಲ್ಲ, ನುಣುಪು ಮಾತ್ರ ಮರಳುವುದಿಲ್ಲ. ಹುಳಿ ವಾಸನೆ, ಸಾಬೂನಿನ ರುಚಿ, ಎಳೆ ಎಳೆಯಾಗುವ ಲೋಳೆ, ಗುಲಾಬಿಯೋ ಹಳದಿಯೋ ಛಾಯೆ, ಇವುಗಳಲ್ಲಿ ಒಂದಿದ್ದರೂ ಅದು ಕೆಟ್ಟ ಹಾಲು. ಕುದಿಸಿ ಬಳಸುವ ಯೋಚನೆಯನ್ನೂ ಮಾಡಬಾರದು.

ಇನ್ನು ಕೂಡಿಸುವುದು. ನಾನು ಪಾತ್ರೆಯನ್ನು ನೇರ ಮಿಕ್ಸಿಗೆ ಸುರಿಯಲು ಹೊರಟಿದ್ದೆ. ಅತ್ತೆ ಕೈ ಹಿಡಿದರು. "ತಣ್ಣಗಿದ್ದಾಗ ಕಡೆದರೆ ಬೆಣ್ಣೆ ಬರ್ತದೆ" ಎಂದರು. ನಿಜ. ತಣ್ಣಗಿರುವಾಗ ಎಣ್ಣೆ ಗಟ್ಟಿ ಕಾಳು, ಕಡೆದಷ್ಟೂ ಕಾಳುಗಳು ಒಂದಕ್ಕೊಂದು ಮೆತ್ತಿ ದೊಡ್ಡದಾಗುತ್ತವೆ. ಪಾತ್ರೆಯನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು, ಕಾಳೆಲ್ಲ ಕರಗಿ ಮೇಲೆ ಸಣ್ಣ ಸಣ್ಣ ಎಣ್ಣೆಯ ಕಣ್ಣು ಕಾಣುವವರೆಗೆ ಕಾದೆವು. ಬೆರಳಿಟ್ಟರೆ ಉಗುರುಬೆಚ್ಚಗಿಂತ ಸ್ವಲ್ಪ ಹೆಚ್ಚು, 40 ಡಿಗ್ರಿಯ ಆಸುಪಾಸು. ಆಮೇಲೆ ಮಿಕ್ಸಿಯಲ್ಲಿ ಇಪ್ಪತ್ತು ಸೆಕೆಂಡು. ತೆರೆದಾಗ ಬೆಳ್ಳಗೆ, ಒಂದೇ ಹದವಾಗಿ, ಸೌಟಿಗೆ ಅಂಟುವ ಹಾಲು. ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಮೊದಲೇ ಕರಗಿಸಿ ಸೋಸಿ ಆರಿಸಿಟ್ಟಿದ್ದೆವು. ಅದನ್ನು ಬೆರೆಸಿ ಏಲಕ್ಕಿ ಹಾಕಿ ಕೂಡಲೇ ಬಡಿಸಿದೆವು. ಕೂಡಲೇ ಎಂಬುದು ಮುಖ್ಯ. ಹರಿದ ಪೊರೆ ಪೂರ್ತಿ ಕೂಡಿಕೊಂಡಿರುವುದಿಲ್ಲ, ಹೊಸ ಹಾಲಿಗಿಂತ ಬೇಗ ಮತ್ತೆ ಪದರ ಬಿಡುತ್ತದೆ. ತಡವಾಗಿ ಎದ್ದ ಮಗಳ ಲೋಟದಲ್ಲಿ ಒಂದು ಗಂಟೆಯ ನಂತರ ಮೇಲೆ ಕೆನೆ ನಿಂತಿತ್ತು. ಚಮಚದಲ್ಲಿ ಕಲಕಿದರೆ ಸರಿಹೋಯಿತು.

ಈ ಹಾಲಿನಿಂದ ಆಗದ ಕೆಲಸವೂ ಒಂದಿದೆ. ಮುರುಗಲು ಹಣ್ಣಿನ ಸೋಲ್ ಕಢಿಗೆ ಅದನ್ನು ಬಳಸಿ ನೋಡಿದೆ. ಹುಳಿ ಬಿದ್ದ ಕೂಡಲೇ ಇದ್ದಬದ್ದ ಪೊರೆಯೂ ಸೋತು, ಗುಲಾಬಿ ನೀರಿನ ಮೇಲೆ ಬಿಳಿ ಚೂರು ತೇಲಿತು. ಮಿಕ್ಸಿ ಆಡಿಸಿದರೂ ಹತ್ತು ನಿಮಿಷಕ್ಕೆ ಮತ್ತೆ ಅದೇ. ಅಂಥ ತಣ್ಣನೆಯ ಹುಳಿ ಪಾನಕಕ್ಕೆ ಅಂದೇ ತೆಗೆದ ಹಾಲು ಬೇಕು. ಕಾಯಿ ಉಳಿದಿದ್ದರೆ, ಬಿಡುವಿಲ್ಲದಿದ್ದರೆ, ಹಾಲು ತೆಗೆಯದೆ ತುರಿಯನ್ನೇ ಕವರಿನಲ್ಲಿ ಚಪ್ಪಟೆಯಾಗಿ ಒತ್ತಿ ಫ್ರೀಜರಿಗೆ ಹಾಕುವುದೂ ಒಳ್ಳೆಯ ದಾರಿ. ಮಂಜುಗಡ್ಡೆ ತಿರುಳಿನ ಕೋಶಗಳನ್ನು ಒಡೆದಿರುತ್ತದೆ, ಬೆಚ್ಚನೆಯ ನೀರಿನಲ್ಲಿ ನೆನೆಸಿ ಹಿಂಡಿದರೆ ಹಾಲು ಸುಲಭವಾಗಿ ಇಳಿಯುತ್ತದೆ, ಹೊಸ ಹಾಲಿಗೆ ಹತ್ತಿರವಾಗಿಯೂ ಇರುತ್ತದೆ. ನನ್ನ ಲೆಕ್ಕದಲ್ಲಿ, ಹಿಂಡಲು ಹೊತ್ತಿರುವ ದಿನಕ್ಕೆ ತುರಿ, ಹೊತ್ತಿಲ್ಲದ ದಿನಕ್ಕೆ ಹಾಲಿನ ತುಂಡು.

ಅತ್ತೆ ಹೊರಡುವ ದಿನ ಫ್ರೀಜರಿನಲ್ಲಿ ಹತ್ತು ತುಂಡು ಉಳಿದಿದ್ದವು. ಕವರಿನ ಮೇಲಿನ ದಿನಾಂಕ ನೋಡಿ, ಒಂದು ತುಂಡು ತೆಗೆದು ಅಂಗೈಯಲ್ಲಿಟ್ಟುಕೊಂಡು ಕರಗುವವರೆಗೆ ಕಾದರು. ನೆಕ್ಕಿ ನೋಡಿ, "ದೀಪಾವಳಿಗೆ ಪಾಯಸಕ್ಕೆ ಆಗ್ತದೆ. ಆಮೇಲೆ ಉಳಿದದ್ದನ್ನು ಗಸಿಗೆ ಹಾಕು" ಎಂದರು. ದೀಪಾವಳಿಗೆ ಆರು ತುಂಡು ಪಾಯಸಕ್ಕೆ ಹೋದವು. ಉಳಿದ ಮೂರನ್ನು ಹತ್ತನೇ ವಾರದಲ್ಲಿ ತೆಗೆದಾಗ ಹಾಲಿನ ಸಿಹಿ ಇತ್ತು, ಅದರ ಹಿಂದೆ ಸಣ್ಣಗೆ ಫ್ರೀಜರಿನ ವಾಸನೆಯೂ ಇತ್ತು. ಅಲಸಂದೆಯ ಗಸಿ ಒಲೆಯ ಮೇಲಿತ್ತು, ಕುದಿ ಇಳಿಸಿ ಮೂರನ್ನೂ ಅದಕ್ಕೆ ಹಾಕಿದೆ.